ಐದು ವಾಕ್ಯಗಳ ಪತ್ರ, 608 ಉಲ್ಲೇಖಗಳು: ಮತ್ತೊಬ್ಬರ ಬರಹದ ಮೂಲಕ ಆಕರವನ್ನು ಉಲ್ಲೇಖಿಸುವುದರ ಒಂದು ಪ್ರಕರಣ ಅಧ್ಯಯನ

ಸಂಶೋಧನ ಬರವಣಿಗೆಯಲ್ಲಿ ನಾವು ಓದಿದ ಪುಸ್ತಕದೊಳಗೆ ಇನ್ನೊಬ್ಬರ ಮಾತು ಉದ್ಧೃತವಾಗಿರುವುದು ಸಾಮಾನ್ಯ. ಆ ಮಾತು ನಮಗೆ ಬೇಕಾದಾಗ ಎರಡು ದಾರಿಗಳಿರುತ್ತವೆ. ಮೂಲ ಬರಹವನ್ನು ಹುಡುಕಿ ಓದಿ ಅದನ್ನೇ ಉಲ್ಲೇಖಿಸಬಹುದು, ಇಲ್ಲವೇ ಇಂಥವರ ಪುಸ್ತಕದಲ್ಲಿ ಉದ್ಧೃತವಾಗಿರುವಂತೆ ಎಂದು ಒಪ್ಪಿಕೊಂಡು ಬರೆಯಬಹುದು. ಮೂರನೆಯ ದಾರಿಯೊಂದಿದೆ, ಅದು ನಿಯಮಕ್ಕೆ ವಿರುದ್ಧವಾದರೂ ಹೆಚ್ಚು ಬಳಕೆಯಲ್ಲಿದೆ: ಮೂಲವನ್ನು ನೋಡದೆಯೇ ನೋಡಿದವರಂತೆ ಅದರ ಹೆಸರನ್ನು ಗ್ರಂಥಸೂಚಿಗೆ ಸೇರಿಸಿಬಿಡುವುದು. ಈ ಮೂರು ದಾರಿಗಳ ನಡುವಿನ ಅಂತರವನ್ನು ತಿಳಿಯಲು ವೈದ್ಯಕೀಯ ಸಾಹಿತ್ಯದ ಒಂದೇ ಒಂದು ಉಲ್ಲೇಖವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದ್ದೇನೆ. ಅದರ ಮೂಲ ಎಷ್ಟು ಚಿಕ್ಕದೆಂದರೆ ಓದಲು ಒಂದು ನಿಮಿಷವೂ ಬೇಕಾಗುವುದಿಲ್ಲ. ಆದ್ದರಿಂದಲೇ ಈ ಪ್ರಕರಣ ಗಮನಾರ್ಹ, ಏಕೆಂದರೆ ಓದಲು ಸಮಯವಿರಲಿಲ್ಲ ಎಂಬ ಸಮಾಧಾನ ಇಲ್ಲಿ ಯಾರಿಗೂ ಸಲ್ಲುವುದಿಲ್ಲ.

1980ರ ಜನವರಿ 10ರ ಸಂಚಿಕೆಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯು ಸಂಪಾದಕರಿಗೆ ಬಂದ ಪತ್ರಗಳ ವಿಭಾಗದಲ್ಲಿ ಒಂದು ಕಿರುಬರಹವನ್ನು ಪ್ರಕಟಿಸಿತು. ಬರೆದವರು ಬಾಸ್ಟನ್ನಿನ ಔಷಧ ನಿಗಾ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಆಸ್ಪತ್ರೆಗೆ ದಾಖಲಾದ ರೋಗಿಗಳಿಗೆ ಯಾವ ಔಷಧ ಕೊಡಲಾಯಿತು, ಅದರಿಂದ ಯಾವ ತೊಂದರೆ ಕಂಡಿತು ಎಂಬುದನ್ನು ದಾಖಲೆ ಮಾಡಿಡುವುದು ಆ ಯೋಜನೆಯ ಕೆಲಸವಾಗಿತ್ತು. ಪತ್ರದಲ್ಲಿರುವುದು ಐದೇ ವಾಕ್ಯಗಳು. ಅವುಗಳ ಸಾರ ಹೀಗಿದೆ. ಸಾಲಾಗಿ ನಿಗಾದಲ್ಲಿದ್ದ 39,946 ಒಳರೋಗಿಗಳ ಕಡತಗಳನ್ನು, ಮಾದಕ ನೋವುನಿವಾರಕಗಳ ವ್ಯಸನ ಎಷ್ಟು ಮಂದಿಗೆ ಉಂಟಾಯಿತು ಎಂದು ತಿಳಿಯಲು ಪರಿಶೀಲಿಸಲಾಯಿತು. ಅವರಲ್ಲಿ 11,882 ಮಂದಿ ಇಂಥ ಔಷಧವನ್ನು ಕನಿಷ್ಠ ಒಮ್ಮೆ ಪಡೆದಿದ್ದರು. ಹಿಂದೆ ವ್ಯಸನದ ಇತಿಹಾಸವಿಲ್ಲದವರಲ್ಲಿ ಸಾಕಷ್ಟು ದಾಖಲೆಯಿರುವ ವ್ಯಸನದ ಪ್ರಕರಣಗಳು ನಾಲ್ಕೇ ನಾಲ್ಕು ಕಂಡುಬಂದವು. ಅವುಗಳಲ್ಲಿ ಒಂದನ್ನು ಮಾತ್ರ ತೀವ್ರವಾದುದೆಂದು ಪರಿಗಣಿಸಲಾಯಿತು. ನಾಲ್ಕನೆಯ ವಾಕ್ಯ ಆ ನಾಲ್ವರು ಪಡೆದ ಔಷಧಗಳ ಹೆಸರನ್ನು ಹೇಳುತ್ತದೆ: ಇಬ್ಬರಿಗೆ ನಮ್ಮಲ್ಲಿ ಪೆಥಿಡಿನ್ ಎಂದು ಪರಿಚಿತವಾದ ಔಷಧ, ಒಬ್ಬರಿಗೆ ಪರ್ಕೊಡಾನ್, ಇನ್ನೊಬ್ಬರಿಗೆ ಹೈಡ್ರೊಮಾರ್ಫೋನ್. ಕೊನೆಯ ವಾಕ್ಯವೇ ತೀರ್ಮಾನ: ಆಸ್ಪತ್ರೆಗಳಲ್ಲಿ ಇಂಥ ಔಷಧಗಳ ಬಳಕೆ ವ್ಯಾಪಕವಾಗಿದ್ದರೂ, ವ್ಯಸನದ ಇತಿಹಾಸವಿಲ್ಲದ ರೋಗಿಗಳಲ್ಲಿ ವ್ಯಸನ ಉಂಟಾಗುವುದು ವಿರಳ.

ಇಷ್ಟೇ ಆ ಪತ್ರ. ಕೋಷ್ಟಕವಿಲ್ಲ, ವ್ಯಸನವನ್ನು ಹೇಗೆ ಗುರುತಿಸಲಾಯಿತು ಎಂಬ ವಿವರಣೆಯಿಲ್ಲ, ಎಷ್ಟು ದಿನ ಔಷಧ ಕೊಡಲಾಯಿತು ಎಂಬ ಮಾಹಿತಿಯಿಲ್ಲ, ರೋಗಿಗಳು ಮನೆಗೆ ಹೋದ ಮೇಲೆ ಅವರನ್ನು ವಿಚಾರಿಸಿದ ಸುಳಿವೂ ಇಲ್ಲ. ಪತ್ರವನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಇದು ಹೊಳೆಯದೆ ಇರುವುದು ಕಷ್ಟ. ಕನಿಷ್ಠ ಒಮ್ಮೆ ಔಷಧ ಪಡೆದವರೆಲ್ಲರೂ ಆ 11,882ರೊಳಗೆ ಸೇರಿದ್ದಾರೆ ಎಂದಾಗ, ತೀವ್ರ ನೋವಿಗೆಂದು ಒಂದೇ ಒಂದು ಚುಚ್ಚುಮದ್ದು ಪಡೆದು ಗುಣವಾಗಿ ಹೊರಟವರೂ ಅದರಲ್ಲಿರಬಹುದು. ಅಂಥವರಿಗೆ ವ್ಯಸನ ಅಂಟದಿರುವುದು ಅಚ್ಚರಿಯಲ್ಲ. ದಾದಿಯರ ಕಣ್ಣೆದುರಿನಲ್ಲಿ, ವೈದ್ಯರು ಬರೆದಷ್ಟೇ ಪ್ರಮಾಣದಲ್ಲಿ, ಕೆಲವು ದಿನಗಳ ಮಟ್ಟಿಗೆ ಔಷಧ ಪಡೆಯುವ ಒಳರೋಗಿಯ ಸ್ಥಿತಿ ಬೇರೆ. ಬೆನ್ನುನೋವಿಗೆಂದು ತಿಂಗಳುಗಟ್ಟಲೆ ಮನೆಯಲ್ಲಿಯೇ ಮಾತ್ರೆ ನುಂಗುವವರ ಸ್ಥಿತಿ ಬೇರೆ. ಎರಡನೆಯ ಗುಂಪಿನ ಬಗ್ಗೆ ಈ ಪತ್ರ ಏನನ್ನೂ ಹೇಳುವುದಿಲ್ಲ, ಹೇಳುತ್ತೇನೆಂದು ಹೊರಟೂ ಇಲ್ಲ. ತನ್ನ ಮಿತಿಯೊಳಗೆ ಅದು ಪ್ರಾಮಾಣಿಕವಾದ ಬರಹವೇ. ಕಡತದಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳಿದೆ.

ಆದರೆ ಅದರ ಶೀರ್ಷಿಕೆ ಬೇರೆ ರೀತಿಯದು. ಮಾದಕ ನೋವುನಿವಾರಕಗಳಿಂದ ಚಿಕಿತ್ಸೆ ಪಡೆದ ರೋಗಿಗಳಲ್ಲಿ ವ್ಯಸನ ವಿರಳ ಎಂಬುದು ಅದರ ಅರ್ಥ. ಆಸ್ಪತ್ರೆಯ ಪ್ರಸ್ತಾಪ ಶೀರ್ಷಿಕೆಯಲ್ಲಿಲ್ಲ. ಗ್ರಂಥಸೂಚಿಯಿಂದ ಗ್ರಂಥಸೂಚಿಗೆ ಸಾಗುವುದು ಶೀರ್ಷಿಕೆಯೇ ಹೊರತು ಒಳಗಿನ ಐದು ವಾಕ್ಯಗಳಲ್ಲ. ಮತ್ತೊಬ್ಬರ ಲೇಖನದ ಕೊನೆಯಲ್ಲಿ ಈ ಶೀರ್ಷಿಕೆಯನ್ನು ಕಂಡವರಿಗೆ ಅದೊಂದು ದೊಡ್ಡ ಅಧ್ಯಯನದ ಫಲಿತಾಂಶವೆಂದೇ ತೋರುತ್ತದೆ, ಮತ್ತು ಒಳಗೆ ಏನಿದೆ ಎಂದು ತೆರೆದು ನೋಡುವ ಅಗತ್ಯವೇ ಇಲ್ಲವೆಂದು ಅನಿಸುತ್ತದೆ.

ಮುಂದೆ ಆದದ್ದು ಅದೇ. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರಿಗೂ ವ್ಯಸನದ ಭಯದಿಂದ ಸಾಕಷ್ಟು ನೋವುನಿವಾರಕ ಕೊಡದ ಕಾಲ ಅದು. ಆ ಕ್ರೌರ್ಯವನ್ನು ತಪ್ಪಿಸಬೇಕೆಂದು ಹೋರಾಡುತ್ತಿದ್ದ ವೈದ್ಯರಿಗೆ ಈ ಅಂಕಿಗಳು ನೆರವಿಗೆ ಬಂದವು. ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ಮರೆಯಬಾರದು. ಆದರೆ ಕೈಯಿಂದ ಕೈಗೆ ಸಾಗುತ್ತ ಪತ್ರದ ಮಾತಿನಿಂದ ಒಂದೊಂದೇ ಷರತ್ತು ಕಳಚಿಕೊಂಡಿತು. ಮೊದಲು ಆಸ್ಪತ್ರೆ ಬಿಟ್ಟುಹೋಯಿತು, ಬಳಿಕ ವ್ಯಸನದ ಇತಿಹಾಸವಿಲ್ಲದವರು ಎಂಬ ನಿಬಂಧನೆ ಹೋಯಿತು, ಕೊನೆಗೆ ಇದು ಸಂಪಾದಕರಿಗೆ ಬರೆದ ಪತ್ರ ಎಂಬ ಸಂಗತಿಯೂ ಮರೆಯಾಗಿ, 2001ರ ವೇಳೆಗೆ ‘ಟೈಮ್’ ವಾರಪತ್ರಿಕೆ ಅದನ್ನು ಮೈಲಿಗಲ್ಲಿನಂಥ ಅಧ್ಯಯನವೆಂದು ಬಣ್ಣಿಸಿತು. ನಡುವೆ, 1990ರ ದಶಕದ ಮಧ್ಯದಲ್ಲಿ, ಆಕ್ಸಿಕಾಂಟಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಮಾದಕ ನೋವುನಿವಾರಕ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು; ವ್ಯಸನದ ಅಪಾಯ ಶೇಕಡ ಒಂದಕ್ಕಿಂತ ಕಡಿಮೆ ಎಂಬ ಭರವಸೆಯನ್ನು ಅದರ ಪ್ರಚಾರದಲ್ಲಿ ಧಾರಾಳವಾಗಿ ಬಳಸಲಾಯಿತು. ಆ ಔಷಧದ ವ್ಯಸನದ ಅಪಾಯದ ಬಗ್ಗೆ ತಪ್ಪು ಮಾಹಿತಿ ನೀಡಿದ್ದಕ್ಕಾಗಿ ತಯಾರಕ ಸಂಸ್ಥೆ ಪರ್ಡ್ಯೂ 2007ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು, ಅದರ ಅಧಿಕಾರಿಗಳೂ ಸೇರಿ 60 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ದಂಡ ಮತ್ತು ಪರಿಹಾರವಾಗಿ ತೆರಬೇಕಾಯಿತು. ಒಪಿಯಾಯ್ಡ್ ಎಂದು ಕರೆಯುವ ಈ ಮಾದಕ ನೋವುನಿವಾರಕಗಳ ವ್ಯಸನ ಅಮೆರಿಕದಲ್ಲಿ ತಂದ ದುರಂತಕ್ಕೆ ಕಾರಣಗಳು ಹಲವು. ಒಂದು ಪತ್ರದ ಮೇಲೆ ಎಲ್ಲವನ್ನೂ ಹೊರಿಸುವುದು ಇನ್ನೊಂದು ಬಗೆಯ ಅಜಾಗರೂಕತೆಯಾದೀತು.

2017ರಲ್ಲಿ ಕೆನಡಾದ ಸಂಶೋಧಕರ ತಂಡವೊಂದು ಈ ಪತ್ರವನ್ನು ಉಲ್ಲೇಖಿಸಿದ ಬರಹಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದೂ ಅದನ್ನು ಹೇಗೆ ಬಳಸಿಕೊಂಡಿದೆ ಎಂದು ಪರಿಶೀಲಿಸಿ, ಫಲಿತಾಂಶವನ್ನು ಅದೇ ‘ನ್ಯೂ ಇಂಗ್ಲೆಂಡ್ ಜರ್ನಲ್’ನಲ್ಲಿ ಪ್ರಕಟಿಸಿತು. ಉಲ್ಲೇಖಗಳ ಒಟ್ಟು ಸಂಖ್ಯೆ 608. 1980ರ ಆ ಪತ್ರದ ಹೊತ್ತಿಗೇ ಅದೇ ಪತ್ರಿಕೆಯಲ್ಲಿ ಅಚ್ಚಾದ ಬೇರೆ ಪತ್ರಗಳನ್ನು ಹೋಲಿಕೆಗೆ ತೆಗೆದುಕೊಂಡಾಗ, ಅವುಗಳ ಉಲ್ಲೇಖಗಳ ಮಧ್ಯಾಂಕ 11 ಮಾತ್ರ. 608ರಲ್ಲಿ 439 ಬರಹಗಳು, ಅಂದರೆ ಶೇ. 72.2ರಷ್ಟು, ಒಪಿಯಾಯ್ಡ್ ಪಡೆದವರಲ್ಲಿ ವ್ಯಸನ ವಿರಳ ಎಂಬುದಕ್ಕೆ ಸಾಕ್ಷ್ಯವಾಗಿ ಈ ಪತ್ರವನ್ನು ಬಳಸಿದ್ದವು. ಪತ್ರದಲ್ಲಿ ಹೇಳಿರುವ ರೋಗಿಗಳೆಲ್ಲರೂ ಆಸ್ಪತ್ರೆಯಲ್ಲಿದ್ದವರು ಎಂಬುದನ್ನು 491 ಬರಹಗಳು, ಅಂದರೆ ಶೇ. 80.8ರಷ್ಟು, ಹೇಳಿಯೇ ಇರಲಿಲ್ಲ. ಈ ಲೆಕ್ಕದಿಂದ ಎಷ್ಟು ಮಂದಿ ಮೂಲವನ್ನು ಓದಿರಲಿಲ್ಲ ಎಂದು ನೇರವಾಗಿ ಹೇಳಲಾಗದು. ಓದಿಯೂ ಷರತ್ತನ್ನು ಕೈಬಿಟ್ಟವರು ಇದ್ದಿರಬಹುದು. ಆದರೂ ಐದು ವಾಕ್ಯಗಳಲ್ಲಿ ಎರಡು ಕಡೆ, ಮೊದಲನೆಯದರಲ್ಲೂ ಕೊನೆಯದರಲ್ಲೂ, ಬಂದಿರುವ ಸಂಗತಿಯನ್ನು ಐದರಲ್ಲಿ ನಾಲ್ಕು ಬರಹಗಳು ಹೇಳದೆ ಬಿಟ್ಟಿವೆ ಎಂದಾಗ, ಅನೇಕರ ಮುಂದೆ ಮೂಲ ಇರಲಿಲ್ಲ ಎಂದು ಭಾವಿಸುವುದು ಅನುಚಿತವಲ್ಲ.

ಇನ್ನು ಈ ಪ್ರಕರಣವನ್ನು ಬರೆಯುವವರ ಮೇಜಿನ ಕಡೆಯಿಂದ ನೋಡೋಣ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಕುರಿತು ಪ್ರಬಂಧ ಬರೆಯುತ್ತಿರುವ ಒಬ್ಬ ಸಂಶೋಧಕಿಯನ್ನು ಕಲ್ಪಿಸಿಕೊಳ್ಳಿ. ಭಾರತದಲ್ಲಿ 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆಯ ಬಿಗಿ ನಿಯಮಗಳಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಅಡ್ಡಿಯನ್ನು ಸಡಿಲಗೊಳಿಸಲೆಂದೇ ಬಂದದ್ದು. ಹೀಗಿರುವಾಗ ವ್ಯಸನದ ಭಯ ಅತಿಯಾದುದು ಎಂದು ತೋರಿಸುವ ಒಂದು ಹಳೆಯ, ಗಟ್ಟಿ ಅಂಕಿ ಸಿಕ್ಕರೆ ಆಕೆಗೆ ಸಹಜವಾಗಿಯೇ ಸಂತೋಷವಾಗುತ್ತದೆ. 1990ರ ದಶಕದ ಒಂದು ಸಮೀಕ್ಷಾ ಲೇಖನದಲ್ಲಿ ಆಕೆಗೆ ಈ ಅರ್ಥದ ವಾಕ್ಯ ಸಿಗುತ್ತದೆ ಎಂದುಕೊಳ್ಳಿ: ನೋವಿಗಾಗಿ ಒಪಿಯಾಯ್ಡ್ ಪಡೆದ ಸುಮಾರು ಹನ್ನೆರಡು ಸಾವಿರ ರೋಗಿಗಳ ಅಧ್ಯಯನದಲ್ಲಿ ನಾಲ್ವರಿಗೆ ಮಾತ್ರ ವ್ಯಸನ ಉಂಟಾಯಿತು. ವಾಕ್ಯದ ಕೊನೆಯಲ್ಲಿ ಆವರಣದೊಳಗೆ ಪೋರ್ಟರ್ ಮತ್ತು ಜಿಕ್, 1980 ಎಂದಿದೆ.

ಆಕೆ ಈ ವಾಕ್ಯವನ್ನು ಕನ್ನಡಕ್ಕೆ ತಂದು, ಕೊನೆಗೆ (ಪೋರ್ಟರ್ ಮತ್ತು ಜಿಕ್, 1980) ಎಂದು ಬರೆದು, ಗ್ರಂಥಸೂಚಿಯಲ್ಲಿ ಆ ಪತ್ರವನ್ನು ಸೇರಿಸಿದರೆ, ತಾನು ಅದನ್ನು ಓದಿದ್ದೇನೆ ಎಂದು ಓದುಗರಿಗೆ ಹೇಳಿದಂತಾಗುತ್ತದೆ. ಅದು ಸುಳ್ಳು. ಅಷ್ಟೇ ಅಲ್ಲ, ಸಮೀಕ್ಷಾ ಲೇಖನದ ಲೇಖಕರು ಮಾಡಿದ ತಪ್ಪು ಈಗ ಆಕೆಯ ತಪ್ಪಾಗುತ್ತದೆ, ಏಕೆಂದರೆ ಆ ಲೇಖಕರ ಹೆಸರೇ ಪುಟದಿಂದ ಮಾಯವಾಗಿದೆ. ತಪ್ಪು ಎಲ್ಲಿ ಸೇರಿಕೊಂಡಿತು ಎಂದು ಮುಂದೆ ಯಾರಾದರೂ ಹುಡುಕಲು ಹೊರಟರೆ ಅವರಿಗೆ ದಾರಿ ಸಿಗುವುದಿಲ್ಲ.

ಆಕೆ (ಪೋರ್ಟರ್ ಮತ್ತು ಜಿಕ್, 1980, ಇಂಥವರ 1994ರ ಲೇಖನದಲ್ಲಿ ಉದ್ಧೃತ) ಎಂಬ ರೂಪದಲ್ಲಿ ಬರೆದು, ಗ್ರಂಥಸೂಚಿಯಲ್ಲಿ ತಾನು ನಿಜವಾಗಿ ಓದಿದ ಸಮೀಕ್ಷಾ ಲೇಖನವನ್ನು ಮಾತ್ರ ಕೊಟ್ಟರೆ, ಪ್ರಾಮಾಣಿಕತೆಗೆ ಕುಂದಿಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕೈಪಿಡಿ ಹೇಳುವುದು ಇದನ್ನೇ: ಮೂಲದ ಹೆಸರು ಬರಹದೊಳಗೆ ಬರಲಿ, ಸೂಚಿಯಲ್ಲಿ ಓದಿದ ಆಕರ ಮಾತ್ರ ಇರಲಿ, ಮತ್ತು ಈ ಬಗೆಯ ಉಲ್ಲೇಖವನ್ನು ಮೂಲ ಸಿಗದಿರುವಾಗಷ್ಟೇ ಮಿತವಾಗಿ ಬಳಸಿ. ಶಿಕಾಗೊ ಕೈಪಿಡಿಯೂ ಈ ಅಭ್ಯಾಸವನ್ನು ಪ್ರೋತ್ಸಾಹಿಸುವುದಿಲ್ಲ. ಅನಿವಾರ್ಯವಾದರೆ ಟಿಪ್ಪಣಿಯಲ್ಲಿ ಎರಡೂ ಆಕರಗಳ ವಿವರ ಕೊಡಬೇಕೆನ್ನುತ್ತದೆ. ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಅಡಿಟಿಪ್ಪಣಿಯಲ್ಲಿ ‘ಉದ್ಧೃತ’ ಎಂದು ಬರೆದು ಎರಡನೆಯ ಗ್ರಂಥದ ಹೆಸರು ಮತ್ತು ಪುಟಸಂಖ್ಯೆಯನ್ನು ಕೊಡುವ ಕ್ರಮವುಂಟು. ರೂಪ ಯಾವುದಾದರೂ ಇರಲಿ, ಓದುಗರಿಗೆ ಬರಹಗಾರರು ಎಲ್ಲಿ ನಿಂತು ನೋಡಿದರು ಎಂಬುದು ತಿಳಿಯಬೇಕು.

ಆದರೆ ಈ ಎರಡನೆಯ ದಾರಿಯ ಬಗ್ಗೆ ನಮ್ಮ ಮಾರ್ಗದರ್ಶಕರೂ ಕೆಲವೊಮ್ಮೆ ಗಮನಿಸದ ಒಂದು ಸಂಗತಿಯಿದೆ. ‘ಉದ್ಧೃತ’ ಎಂಬ ಗುರುತು ಬರಹಗಾರರ ಪ್ರಾಮಾಣಿಕತೆಯನ್ನು ಕಾಪಾಡುತ್ತದೆ, ಮಾತಿನ ಸತ್ಯವನ್ನಲ್ಲ. ನಮ್ಮ ಸಂಶೋಧಕಿಯ ವಾಕ್ಯ ಈಗ ನಿಯಮಬದ್ಧವಾಗಿದೆ, ಆದರೆ ಅದು ಮೊದಲಿನಷ್ಟೇ ತಪ್ಪು. ಒಳರೋಗಿಗಳು ಎಂಬ ಷರತ್ತು ಇಲ್ಲದ ಅದೇ ಮಾತು ಇನ್ನೊಂದು ಪ್ರಬಂಧಕ್ಕೆ ದಾಟಿದೆ, 608 ಎಂಬ ಸಂಖ್ಯೆ ಒಂದರಷ್ಟು ಬೆಳೆದಿದೆ. ಮೂಲವನ್ನೇ ಓದಬೇಕೆಂಬ ಒತ್ತಾಯಕ್ಕೆ ಕಾರಣ ಶಿಷ್ಟಾಚಾರವಲ್ಲ, ಇದು. ಬೇರೊಬ್ಬರು ಉದ್ಧರಿಸುವಾಗ ತಮ್ಮ ವಾದಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದು ತಪ್ಪಲ್ಲ, ಉದ್ಧರಣೆಯ ಸ್ವಭಾವವೇ ಹಾಗೆ. ಅವರ ಪ್ರಶ್ನೆ ಬೇರೆ, ನಮ್ಮ ಪ್ರಶ್ನೆ ಬೇರೆ. ಅವರು ಅನಗತ್ಯವೆಂದು ಬಿಟ್ಟ ಷರತ್ತೇ ನಮ್ಮ ಪ್ರಶ್ನೆಗೆ ನಿರ್ಣಾಯಕವಾಗಿರಬಹುದು. ಬಿಟ್ಟದ್ದು ಏನೆಂದು ಅವರ ಬರಹವನ್ನು ಎಷ್ಟು ಎಚ್ಚರದಿಂದ ಓದಿದರೂ ತಿಳಿಯುವುದಿಲ್ಲ, ಏಕೆಂದರೆ ಅದು ಅಲ್ಲಿಲ್ಲ.

ಆಕೆ ಮೂಲವನ್ನು ತರಿಸಿ ಓದಿದಳೆಂದುಕೊಳ್ಳಿ. ಆಗ ಬರೆಯುವ ವಾಕ್ಯವೇ ಬದಲಾಗುತ್ತದೆ. ಬಾಸ್ಟನ್ನಿನ ಔಷಧ ನಿಗಾ ಯೋಜನೆಯ ಕಡತಗಳ ಆಧಾರದ ಮೇಲೆ ಬರೆದ ಸಂಕ್ಷಿಪ್ತ ಪತ್ರವೊಂದರಲ್ಲಿ, ಆಸ್ಪತ್ರೆಯಲ್ಲಿದ್ದಾಗ ಕನಿಷ್ಠ ಒಮ್ಮೆ ಮಾದಕ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ, ವ್ಯಸನದ ಇತಿಹಾಸವಿಲ್ಲದ ನಾಲ್ವರಲ್ಲಿ ವ್ಯಸನ ದಾಖಲಾಗಿತ್ತೆಂದು ಪೋರ್ಟರ್ ಮತ್ತು ಜಿಕ್ (1980) ವರದಿ ಮಾಡಿದ್ದಾರೆ. ಚಿಕಿತ್ಸೆಯ ಅವಧಿ, ವ್ಯಸನವನ್ನು ಗುರುತಿಸಿದ ಕ್ರಮ ಮತ್ತು ಬಿಡುಗಡೆಯ ನಂತರದ ಸ್ಥಿತಿ ಪತ್ರದಲ್ಲಿಲ್ಲ. ಈ ವಾಕ್ಯ ಉದ್ದವಾಯಿತು, ಅದರ ಬಲವೂ ತಗ್ಗಿತು. ಆದರೆ ಪರೀಕ್ಷಕರು ಯಾವ ಪದವನ್ನು ಹಿಡಿದು ಕೇಳಿದರೂ ಉತ್ತರ ಕೊಡಬಹುದಾದ ವಾಕ್ಯ ಇದು.

ಉಲ್ಲೇಖವೊಂದು ಓದದೆಯೇ ಸಾಗಿಬಂದಿರಬಹುದೆಂದು ಮೂಲವನ್ನು ತರಿಸುವ ಮೊದಲೇ ಅನುಮಾನಿಸಲು ಕೆಲವು ಕುರುಹುಗಳಿವೆ. ಈ ಪ್ರಕರಣದಲ್ಲಿ ಮೊದಲ ಕುರುಹು ಸೂಚಿಯಲ್ಲೇ ಇದೆ: 1980, ಸಂಪುಟ 302, ಪುಟ 123. ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಪುಟವ್ಯಾಪ್ತಿಯಿಲ್ಲ, ಒಂದೇ ಪುಟ. ಹನ್ನೆರಡು ಸಾವಿರ ರೋಗಿಗಳ ಅಧ್ಯಯನ ಒಂದು ಪುಟದಲ್ಲಿ ಹೇಗೆ ಮುಗಿಯಿತು ಎಂಬ ಪ್ರಶ್ನೆ ಅಲ್ಲಿಯೇ ಏಳಬೇಕಿತ್ತು. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಬರಹದ ಬಗೆಯನ್ನು ‘ಪತ್ರ’ ಎಂದೇ ದಾಖಲಿಸಿದೆ. ಎರಡನೆಯ ಕುರುಹು ಅಂಕಿಯ ರೂಪ. ನಾಲ್ಕನ್ನು 11,882ರಿಂದ ಭಾಗಿಸಿದರೆ ಬರುವುದು ಶೇ. 0.03ಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು ಮೂರು ಸಾವಿರಕ್ಕೆ ಒಬ್ಬರು. ಆದರೆ ಮುಂದಿನ ಬರಹಗಳಲ್ಲಿ ಮತ್ತೆ ಮತ್ತೆ ಬರುವುದು ಶೇಕಡ ಒಂದಕ್ಕಿಂತ ಕಡಿಮೆ ಎಂಬ ಮಾತು. ಮೂಲದಲ್ಲಿ ಎಲ್ಲಿಯೂ ಇಲ್ಲದ ಈ ದುಂಡು ಅಂಕಿ ಬೇರೆ ಬೇರೆ ಲೇಖಕರಲ್ಲಿ ಒಂದೇ ರೂಪದಲ್ಲಿ ಕಂಡಾಗ, ಅವರು ಮೂಲದಿಂದಲ್ಲ, ಒಬ್ಬರಿಂದೊಬ್ಬರು ತೆಗೆದುಕೊಂಡಿದ್ದಾರೆ ಎಂಬ ಅನುಮಾನ ಬಲವಾಗುತ್ತದೆ.

ಹೀಗೆ ಸಾಗಿಬಂದ ತಪ್ಪನ್ನೇ ಅಳತೆಗೋಲಾಗಿ ಬಳಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು, ಸುಮಾರು 4,300 ಬಾರಿ ಉಲ್ಲೇಖಗೊಂಡ ಒಂದು ಪ್ರಸಿದ್ಧ ಲೇಖನವನ್ನು ತೆಗೆದುಕೊಂಡು, ಅದರ ಸಂಪುಟ, ಪುಟ, ವರ್ಷಗಳನ್ನು ತಪ್ಪಾಗಿ ಅಚ್ಚು ಮಾಡಿದ ಉಲ್ಲೇಖಗಳನ್ನು ಎಣಿಸಿದರು. ಅಂಥವು 196 ಸಿಕ್ಕವು, ಆದರೆ ಬೇರೆ ಬೇರೆ ಬಗೆಯ ತಪ್ಪುಗಳು 45 ಮಾತ್ರ; ಒಂದೇ ತಪ್ಪು 78 ಕಡೆ ಮರುಕಳಿಸಿತ್ತು. ಮೂಲವನ್ನು ಕೈಯಲ್ಲಿ ಹಿಡಿದು ಬರೆಯುವ ಎಪ್ಪತ್ತೆಂಟು ಮಂದಿ ಒಂದೇ ಪುಟಸಂಖ್ಯೆಯನ್ನು ಒಂದೇ ರೀತಿ ತಪ್ಪಾಗಿ ಬರೆಯುವುದು ಸಂಭವನೀಯವಲ್ಲ. ಈ ಲೆಕ್ಕದಿಂದ ಅವರು, ಉಲ್ಲೇಖಿಸುವವರಲ್ಲಿ ಸುಮಾರು ಐದರಲ್ಲಿ ಒಂದು ಭಾಗದಷ್ಟು ಮಂದಿ ಮಾತ್ರ ಮೂಲವನ್ನು ಓದಿರುತ್ತಾರೆಂದು 2003ರಲ್ಲಿ ಅಂದಾಜಿಸಿದರು. ಈ ಅಂದಾಜನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು: ಮೂಲವನ್ನು ಓದಿಯೂ, ಸೂಚಿಯನ್ನು ಟೈಪು ಮಾಡುವ ಶ್ರಮ ಉಳಿಸಲು ಬೇರೆಯವರ ಸೂಚಿಯಿಂದ ಸಾಲನ್ನು ಎತ್ತಿಕೊಂಡವರು ಆ 78ರಲ್ಲಿ ಇದ್ದೇ ಇರಬಹುದು. ಆದರೂ ತಪ್ಪುಗಳು ಸಾಗುವ ದಾರಿಯೇ ಉಲ್ಲೇಖಗಳು ಸಾಗುವ ದಾರಿ ಎಂಬುದನ್ನು ಅದು ತೋರಿಸಿಕೊಟ್ಟಿತು.

ಮೂಲ ಸಿಗಲಿಲ್ಲ ಎಂಬ ಮಾತಿಗೆ ಈಗ ಬರಬೇಕು, ಏಕೆಂದರೆ ಅದು ಕೆಲವೊಮ್ಮೆ ನಿಜ. 1980ರ ದಶಕದಲ್ಲಿ ಇಂಥ ಪತ್ರವನ್ನು ನೋಡಲು ಗ್ರಂಥಾಲಯಕ್ಕೆ ಹೋಗಿ ಕಟ್ಟು ಹಾಕಿಸಿದ ಸಂಪುಟವನ್ನು ತೆಗೆಸಬೇಕಿತ್ತು. ಆ ಸಂಪುಟ ಇಲ್ಲದ ಊರುಗಳೇ ಹೆಚ್ಚು. ಇಂದು ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿದರೆ, ತಮ್ಮಲ್ಲಿಲ್ಲದ್ದನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಹಲವೆಡೆ ಇದೆ. ಲೇಖಕರಿಗೇ ಬರೆದು ಪ್ರತಿ ಕೇಳುವುದೂ ಉಂಟು. ನಮ್ಮ ಅನೇಕ ವಿದ್ಯಾರ್ಥಿಗಳು ಕೇಳಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ, ಅದು ನನಗೆ ಬೇಸರದ ಸಂಗತಿ. ಗ್ರಂಥಪಾಲಕರು ಇರುವುದೇ ಆ ಕೆಲಸಕ್ಕೆ. ಮೂಲ ನಮಗೆ ಬಾರದ ಭಾಷೆಯಲ್ಲಿದ್ದರೆ ಅನುವಾದವನ್ನು ಓದಿ, ಅನುವಾದವನ್ನು ಓದಿದ್ದೇವೆಂದೇ ಬರೆಯಬೇಕು.

ಮೂಲವೇ ನಷ್ಟವಾಗಿರುವ ಸಂದರ್ಭ ಮಾತ್ರ ಬೇರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ನಮಗೆ ಉಳಿದುಬಂದಿಲ್ಲ. ಮೆಗಾಸ್ತನೀಸನ ‘ಇಂಡಿಕಾ’ ಕೂಡ ಹಾಗೆಯೇ. ಪಾಟಲಿಪುತ್ರದ ಕುರಿತು ಅವನು ಹೇಳಿದ್ದೆಂದು ನಾವು ಓದುವುದೆಲ್ಲ ಸ್ಟ್ರಾಬೊ, ಅರಿಯನ್ ಮುಂತಾದ ನಂತರದ ಲೇಖಕರು ಉಳಿಸಿಕೊಟ್ಟ ತುಣುಕುಗಳು. ಇಲ್ಲಿ ಮತ್ತೊಬ್ಬರ ಮೂಲಕ ಉಲ್ಲೇಖಿಸುವುದು ಅನಿವಾರ್ಯ ಮಾತ್ರವಲ್ಲ, ಅದೇ ಸರಿಯಾದ ಕ್ರಮ. ಕನ್ನಡದಲ್ಲಿ ದುರ್ವಿನೀತನು ಗದ್ಯ ಬರೆದಿದ್ದನು ಎಂದು ನೇರವಾಗಿ ಬರೆಯುವುದಕ್ಕಿಂತ, ದುರ್ವಿನೀತನನ್ನು ‘ಕವಿರಾಜಮಾರ್ಗ’ವು ಗದ್ಯಕಾರರ ಸಾಲಿನಲ್ಲಿ ಹೆಸರಿಸುತ್ತದೆ ಎಂದು ಬರೆಯುವುದೇ ನಮಗೆ ಗೊತ್ತಿರುವುದರ ನಿಖರ ನಿರೂಪಣೆ. ಮಾತನ್ನು ಉಳಿಸಿಕೊಟ್ಟವರೇ ಇಲ್ಲಿ ನಮ್ಮ ಸಾಕ್ಷಿ. ಅವರನ್ನು ಮರೆಮಾಡಿದರೆ ಸಾಕ್ಷ್ಯವೇ ಇಲ್ಲವಾಗುತ್ತದೆ. ಪೋರ್ಟರ್ ಮತ್ತು ಜಿಕ್ ಅವರ ಪತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ಒಂದು ದಿನವೂ ಕಳೆದುಹೋಗಿರಲಿಲ್ಲ.

ಮೂಲವನ್ನು ಓದುವುದಕ್ಕೆ ಇನ್ನೊಂದು ಕಾರಣವನ್ನು ಇದೇ ಪ್ರಕರಣ ಒದಗಿಸುತ್ತದೆ. 2017ರ ಲೆಕ್ಕ ಪ್ರಕಟವಾದ ಮೇಲೆ ಪತ್ರಿಕೆಯ ಸಂಪಾದಕರು 1980ರ ಪತ್ರದ ಜಾಲಪುಟಕ್ಕೆ ಒಂದು ಸೂಚನೆ ಸೇರಿಸಿದರು: ಒಪಿಯಾಯ್ಡ್ ಚಿಕಿತ್ಸೆಯಿಂದ ವ್ಯಸನ ವಿರಳ ಎಂಬುದಕ್ಕೆ ಪುರಾವೆಯಾಗಿ ಈ ಪತ್ರವನ್ನು ವಿಮರ್ಶೆಯಿಲ್ಲದೆ ಹೇರಳವಾಗಿ ಉಲ್ಲೇಖಿಸಲಾಗಿದೆ ಎಂಬುದನ್ನು ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಓದುಗರು ಅರಿತಿರಬೇಕು ಎಂಬುದು ಅದರ ತಾತ್ಪರ್ಯ. ತಮ್ಮ ಪತ್ರವನ್ನು ಔಷಧ ಸಂಸ್ಥೆಗಳು ಬಳಸಿಕೊಂಡ ರೀತಿಯಿಂದ ತೀವ್ರ ಮುಜುಗರವಾಗಿದೆಯೆಂದು ಜಿಕ್ ಅವರೂ ಆಗ ಸುದ್ದಿಸಂಸ್ಥೆಯೊಂದಕ್ಕೆ ಹೇಳಿದರು. ತಿದ್ದುಪಡಿ, ಎಚ್ಚರಿಕೆ, ಹಿಂಪಡೆದ ಪ್ರಕಟಣೆ ಇವೆಲ್ಲ ಅಂಟಿಕೊಳ್ಳುವುದು ಮೂಲಕ್ಕೆ. 1994ರಲ್ಲಿ ಅಚ್ಚಾದ ಸಮೀಕ್ಷಾ ಲೇಖನ ಅವುಗಳನ್ನು ತೋರಿಸಲಾರದು. ಆ ಲೇಖನವನ್ನೇ ನಂಬಿ ಬರೆಯುವ ಸಂಶೋಧಕಿ, ಒಮ್ಮೆ ಕ್ಲಿಕ್ಕಿಸಿದರೆ ಕಣ್ಣಿಗೆ ಬೀಳುತ್ತಿದ್ದ ಎಚ್ಚರಿಕೆಯನ್ನು ಕಾಣದೆಯೇ ತನ್ನ ಅಧ್ಯಾಯವನ್ನು ಮುಗಿಸುತ್ತಾಳೆ.

ಮೂಲವನ್ನು ಓದಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೂ ಭಾವಿಸಬಾರದು. ತನಗೆ ಬೇಕಾದ ಅಂಕಿಯನ್ನು ಮಾತ್ರ ಹುಡುಕುವ ಕಣ್ಣು ಐದು ವಾಕ್ಯಗಳಲ್ಲೂ ಷರತ್ತನ್ನು ದಾಟಿ ಹೋಗಬಲ್ಲದು. ಆದ್ದರಿಂದ ಮೂಲವನ್ನು ತೆರೆದಾಗ ನಾಲ್ಕು ವಿಷಯಗಳನ್ನು ಬರೆದಿಟ್ಟುಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಹೇಳುವುದು ಒಳ್ಳೆಯದು: ಇದು ಯಾವ ಬಗೆಯ ಬರಹ, ಇದು ಯಾರ ಬಗ್ಗೆ ಹೇಳುತ್ತಿದೆ, ಎಣಿಸಿದ್ದು ಏನನ್ನು ಮತ್ತು ಹೇಗೆ, ಎಷ್ಟು ಕಾಲದವರೆಗೆ ನೋಡಲಾಯಿತು. ಪೋರ್ಟರ್ ಮತ್ತು ಜಿಕ್ ಅವರ ಪತ್ರಕ್ಕೆ ಈ ಟಿಪ್ಪಣಿ ಮಾಡಿಕೊಂಡರೆ, ಮೊದಲ ಎರಡಕ್ಕೆ ಪತ್ರ ಮತ್ತು ಒಳರೋಗಿಗಳು ಎಂಬ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಅರ್ಧ ಉತ್ತರ, ನಾಲ್ಕನೆಯ ಜಾಗ ಖಾಲಿ.

ಆ ಖಾಲಿ ಜಾಗ ಕಂಡ ಮೇಲೆ ನಮ್ಮ ಸಂಶೋಧಕಿಗೆ ತನ್ನ ಅಧ್ಯಾಯಕ್ಕೆ ಬೇಕಾದದ್ದು ಏನೆಂಬುದೂ ಸ್ಪಷ್ಟವಾಗುತ್ತದೆ. ಆಕೆಯ ಪ್ರಶ್ನೆ ಮನೆಯಲ್ಲಿದ್ದುಕೊಂಡು ತಿಂಗಳುಗಟ್ಟಲೆ ಮಾರ್ಫಿನ್ ಮಾತ್ರೆ ಪಡೆಯುವ ಕ್ಯಾನ್ಸರ್ ರೋಗಿಗಳದ್ದು. ಅವರಿಗೆ ಮಾರ್ಫಿನ್ ಸಿಗಬೇಕು ಎಂಬ ಆಕೆಯ ವಾದಕ್ಕೆ ಬಲವಾದ ಆಧಾರಗಳು ಬೇರೆ ಇವೆ, ಆ ವಾದ ಈ ಪತ್ರದ ಮೇಲೆ ನಿಂತಿಲ್ಲ. ವ್ಯಸನದ ಪ್ರಮಾಣವನ್ನು ಹೇಳಲೇಬೇಕಾದರೆ ಅಂಥ ರೋಗಿಗಳನ್ನೇ ಅಷ್ಟೇ ಕಾಲ ಅನುಸರಿಸಿದ ಅಧ್ಯಯನಗಳನ್ನು ಆಕೆ ಹುಡುಕಿ ಓದಬೇಕು. 1980ರ ಪತ್ರವನ್ನು ಅಧ್ಯಾಯದಲ್ಲಿ ಉಳಿಸಿಕೊಳ್ಳುವುದಾದರೆ, ಪ್ರಮಾಣದ ಪುರಾವೆಯಾಗಿ ಅಲ್ಲ, ವ್ಯಸನದ ಭಯದ ಕುರಿತ ಚರ್ಚೆಯ ಇತಿಹಾಸವನ್ನು ಹೇಳುವ ಪ್ಯಾರಾದಲ್ಲಿ, 2017ರ ಲೆಕ್ಕದ ಜೊತೆಗೆ ಇಡಬಹುದು. ಆಗ ಎರಡನ್ನೂ ಆಕೆಯೇ ಓದಿರುತ್ತಾಳಾದ್ದರಿಂದ ಗ್ರಂಥಸೂಚಿಯಲ್ಲಿ ಎರಡೂ ಬರುತ್ತವೆ, ಮತ್ತು 1994ರ ಸಮೀಕ್ಷಾ ಲೇಖನ ಆ ಸಾಲಿನಿಂದ ಹೊರಗುಳಿಯುತ್ತದೆ.